ತಪ್ಪು ಒಂದು, ದಂಡ ಎಷ್ಟು ಸಲ?



ಪೋಸ್ಟ್ ಉದ್ದ ಇದೆ, ಮಧ್ಯೆ ಲೆಕ್ಕಾನೂ ಇದೆ. ಲೆಕ್ಕ ಅಂದ ತಕ್ಷಣ ಮುಂದಕ್ಕೆ ಸ್ಕ್ರೋಲ್ ಮಾಡ್ಬೇಡಿ. ಪಿಯುಸಿ ಸೈನ್ಸ್ ಓದ್ತಿರೋ ಮಗಳೋ ತಮ್ಮನೋ ನಿಮ್ಮ ಮನೇಲಿದ್ರೆ ಇದು ನೇರವಾಗಿ ಅವರ ಅಂಕದ ವಿಷಯ.

ಕ್ಯಾತ್ಸಂದ್ರದ ನಮ್ಮ ಕಾಲೋನಿಯಲ್ಲಿ ಸಂಜೆ ಹೊತ್ತು ಮಕ್ಕಳನ್ನ ಕೂರಿಸ್ಕೊಂಡು ಫಿಸಿಕ್ಸ್ ಹೇಳ್ಕೊಡ್ತೀವಿ ಅನ್ನೋದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಪೂರ್ವಸಿದ್ಧತಾ ಪರೀಕ್ಷೆ ಮುಗಿದ ಮೇಲೆ ಮಕ್ಕಳಿಗೆ ಉತ್ತರಪತ್ರಿಕೆ ಕೈಗೆ ಕೊಡ್ತಾರಲ್ಲ, ಅವನ್ನೆಲ್ಲ ತರಿಸ್ಕೊಂಡು ಒಂದೊಂದೇ ನೋಡೋದು ನನ್ನ ಅಭ್ಯಾಸ. ಒಬ್ಬ ಹುಡುಗಿ ಪತ್ರಿಕೇಲಿ ಐದು ಅಂಕದ ಸರ್ಕ್ಯೂಟ್ ಲೆಕ್ಕಕ್ಕೆ ಕೆಂಪು ಇಂಕಲ್ಲಿ ದೊಡ್ಡ ಸೊನ್ನೆ ಹಾಕಿದ್ರು. ಮುಕ್ಕಾಲು ಪುಟ ತುಂಬಾ ಬರೆದಿದ್ದಾಳೆ, ಚಿತ್ರ ಚೆನ್ನಾಗಿದೆ, ಸೂತ್ರ ಎಲ್ಲಾ ಇದೆ. ಆದ್ರೂ ಸೊನ್ನೆ. ಅವಳಮ್ಮ ಇಲ್ಲೇ ತಟ್ಟೆ ಇಡ್ಲಿ ಹೋಟೆಲೊಂದರಲ್ಲಿ ಪಾತ್ರೆ ತೊಳೀತಾರೆ. ಹುಡುಗಿ ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಸೊನ್ನೆ ನೋಡಿ ಅವಳು ಹೇಳಿದ್ದು ಇಷ್ಟೇ: "ನಂಗೆ ಸರ್ಕ್ಯೂಟ್ ಬರಲ್ಲ ಅಣ್ಣ, ಆ ಚಾಪ್ಟರ್ ಬಿಟ್ಬಿಡ್ತೀನಿ."

ಅವಳಿಗೆ ಸರ್ಕ್ಯೂಟ್ ಬರುತ್ತೆ. ಹೇಗೆ ಅಂತ ಹೇಳ್ತೀನಿ, ಲೆಕ್ಕ ನೋಡಿ.

12 ವೋಲ್ಟ್ ಬ್ಯಾಟರಿ. ಅದರ ಒಳಗಿನ ರೋಧ 1 ಓಮ್. ಅದಕ್ಕೆ ಸರಣಿಯಲ್ಲಿ 3 ಓಮ್ ರೋಧಕ. ಆಮೇಲೆ 6 ಓಮ್ ಮತ್ತು 3 ಓಮ್ ಎರಡು ರೋಧಕಗಳು ಸಮಾಂತರವಾಗಿ, ಅಂದ್ರೆ ಪ್ಯಾರಲಲ್ ಆಗಿ ಸೇರಿವೆ. ಕೇಳಿದ್ದು: ಒಟ್ಟು ರೋಧ ಎಷ್ಟು, ಬ್ಯಾಟರಿಯಿಂದ ಬರೋ ಕರೆಂಟ್ ಎಷ್ಟು, ಬ್ಯಾಟರಿಯ ಟರ್ಮಿನಲ್ ವೋಲ್ಟೇಜ್ ಎಷ್ಟು, 6 ಓಮ್‌ನಲ್ಲಿ ಹರಿಯೋ ಕರೆಂಟ್ ಎಷ್ಟು.

ಸರಿಯಾದ ದಾರಿ ಹೀಗೆ. ಮೊದಲು ಸಮಾಂತರ ಜೋಡಿ: 1/R = 1/6 + 1/3 = 1/2, ಆದ್ದರಿಂದ R = 2 ಓಮ್. ಒಟ್ಟು 1 + 3 + 2 = 6 ಓಮ್. ಕರೆಂಟ್ 12/6 = 2 ಆಂಪಿಯರ್. ಟರ್ಮಿನಲ್ ವೋಲ್ಟೇಜ್ 12 − 2×1 = 10 ವೋಲ್ಟ್. ಸಮಾಂತರ ಜೋಡಿಯ ಮೇಲಿನ ವೋಲ್ಟೇಜ್ 2×2 = 4 ವೋಲ್ಟ್, ಹಾಗಾಗಿ 6 ಓಮ್‌ನಲ್ಲಿ 4/6, ಅಂದ್ರೆ ಸುಮಾರು 0.67 ಆಂಪಿಯರ್. ಐದು ಹೆಜ್ಜೆ, ಹೆಜ್ಜೆಗೊಂದು ಅಂಕ: ಸಮಾಂತರ ಜೋಡಿ, ಒಟ್ಟು ರೋಧ, ಕರೆಂಟ್, ಟರ್ಮಿನಲ್ ವೋಲ್ಟೇಜ್, ಕವಲಿನ ಕರೆಂಟ್.

ಹುಡುಗಿ ಮಾಡಿದ್ದು ಏನು? 1/R = 1/2 ಅನ್ನೋವರೆಗೂ ಸರಿಯಾಗಿ ಬಂದಿದ್ದಾಳೆ. ಮುಂದಿನ ಸಾಲಲ್ಲಿ ತಿರುಗಿಸಿ 2 ಅಂತ ಬರೆಯೋ ಬದಲು R = 0.5 ಅಂತ ಬರೆದುಬಿಟ್ಟಿದ್ದಾಳೆ. ಅಷ್ಟೇ. ಪ್ಯಾರಲಲ್ ಲೆಕ್ಕ ಹೇಳ್ಕೊಟ್ಟಿರೋ ಯಾರನ್ನಾದ್ರೂ ಕೇಳಿ, ಮಕ್ಕಳು ಎಡವೋ ಮಾಮೂಲಿ ಕಲ್ಲು ಇದು.

ಅಲ್ಲಿಂದಾಚೆ ಅವಳ ದಾರಿ ನೋಡಿ. ಒಟ್ಟು 1 + 3 + 0.5 = 4.5 ಓಮ್. ಕರೆಂಟ್ 12/4.5 = 2.67 ಆಂಪಿಯರ್. ಟರ್ಮಿನಲ್ ವೋಲ್ಟೇಜ್ 12 − 2.67 = 9.33 ವೋಲ್ಟ್. ಸಮಾಂತರ ಜೋಡಿಯ ವೋಲ್ಟೇಜ್ 2.67 × 0.5 = 1.33 ವೋಲ್ಟ್. 6 ಓಮ್‌ನಲ್ಲಿ 1.33/6 = 0.22 ಆಂಪಿಯರ್. ಕೀ ಉತ್ತರದ ಪಕ್ಕ ಇಟ್ಟು ನೋಡಿದ್ರೆ ಐದಕ್ಕೆ ಐದೂ ತಪ್ಪು. 2 ಇರಬೇಕಾದ ಕಡೆ 0.5, 6 ಇರಬೇಕಾದ ಕಡೆ 4.5, ಹೀಗೆ ಕೊನೇವರೆಗೂ. ಆದರೆ ಅವಳ ಹೆಜ್ಜೆಗಳನ್ನ ನೋಡಿ. ಸರಣಿಯಲ್ಲಿರೋದನ್ನ ಕೂಡಬೇಕು ಅಂತ ಗೊತ್ತಿದೆ. ಓಮನ ನಿಯಮ ಗೊತ್ತಿದೆ. ಬ್ಯಾಟರಿ ಒಳಗೇ ಸ್ವಲ್ಪ ವೋಲ್ಟೇಜ್ ಕಳೆದುಹೋಗುತ್ತೆ ಅನ್ನೋದು ಗೊತ್ತಿದೆ. ಸಮಾಂತರದಲ್ಲಿ ಎರಡೂ ಕವಲಿಗೂ ಒಂದೇ ವೋಲ್ಟೇಜ್ ಅನ್ನೋದೂ ಗೊತ್ತಿದೆ. ಗೊತ್ತಿಲ್ಲದ್ದು ಏನೂ ಇಲ್ಲ, ಒಂದು ಸಾಲಲ್ಲಿ ಕೈ ತಪ್ಪಿದೆ.

ಇಂಥದ್ದಕ್ಕೆ ಮೌಲ್ಯಮಾಪನದಲ್ಲಿ ಒಂದು ಪದ್ಧತಿ ಇದೆ. ಇಂಗ್ಲೆಂಡಿನ ಪರೀಕ್ಷಾ ಮಂಡಳಿಗಳ ಅಂಕ ಕೊಡೋ ಪಟ್ಟಿಗಳಲ್ಲಿ ಇದನ್ನ 'ಎರರ್ ಕ್ಯಾರಿಡ್ ಫಾರ್ವರ್ಡ್' ಅಂತಾರೆ, ಚಿಕ್ಕದಾಗಿ ಇಸಿಎಫ್. ಮೊದಲ ತಪ್ಪಿಗೆ ಆ ಹೆಜ್ಜೆಯ ಅಂಕ ಹೋಗುತ್ತೆ. ಆ ತಪ್ಪು ಉತ್ತರವನ್ನ ಮುಂದಿನ ಹೆಜ್ಜೇಲಿ ಸರಿಯಾದ ವಿಧಾನದಲ್ಲಿ ಬಳಸಿದ್ರೆ ಆ ಹೆಜ್ಜೆಯ ಅಂಕ ಪೂರ್ತಿ ಸಿಗುತ್ತೆ. ಅಂದ್ರೆ ಮುಂದಿನ ಹೆಜ್ಜೆಗಳನ್ನ ಕೀ ಉತ್ತರದ ಜೊತೆ ಹೋಲಿಸಲ್ಲ, ಆ ವಿದ್ಯಾರ್ಥಿಯ ಹಿಂದಿನ ಉತ್ತರದ ಜೊತೆ ಹೋಲಿಸ್ತಾರೆ. ಇದು ಬರೀ ವಿದೇಶದ ಮಾತು ಅಂದ್ಕೋಬೇಡಿ. ನಮ್ಮ ಸಿಬಿಎಸ್‌ಇ ತನ್ನ ಮೌಲ್ಯಮಾಪಕರಿಗೆ ಕೊಡೋ ಸಾಮಾನ್ಯ ಸೂಚನೆಗಳಲ್ಲೇ ಇದೆ: ಒಂದು ತಪ್ಪಿನ ಮುಂದುವರಿದ ಪರಿಣಾಮಕ್ಕೆ ಅಂಕ ಕಳೀಬಾರದು, ದಂಡ ಒಂದೇ ಸಲ. ಕರ್ನಾಟಕದ ಪಿಯುಸಿ ಮೌಲ್ಯಮಾಪನದಲ್ಲೂ ಲೆಕ್ಕಗಳಿಗೆ ಸೂತ್ರ, ಬೆಲೆ ಹಾಕೋದು, ಉತ್ತರ ಅಂತ ಹೆಜ್ಜೆಗೆ ಅಂಕ ಹಂಚಿರ್ತಾರೆ. ನಮ್ಮ ಭೌತಶಾಸ್ತ್ರ ಪ್ರಶ್ನೆಪತ್ರಿಕೆ ಮೇಲೇ ಸೂಚನೆ ಇರುತ್ತೆ, ಸೂತ್ರ ಬರೀದೆ ಲೆಕ್ಕ ಮಾಡಿದ್ರೆ ಅಂಕ ಇಲ್ಲ ಅಂತ. ಸೂತ್ರ ಇಲ್ಲದಿದ್ರೆ ಅಂಕ ಕಳೆಯೋ ಅಷ್ಟು ವಿಧಾನದ ಮೇಲೆ ಮರ್ಯಾದೆ ಇರೋರು, ವಿಧಾನ ಸರಿ ಇದ್ದಾಗ ಅಂಕ ಕೊಡೋಕೂ ಮನಸ್ಸು ಮಾಡ್ಬೇಕಲ್ವಾ?

ಈ ಲೆಕ್ಕದಲ್ಲಿ ಇಸಿಎಫ್ ಹಾಕಿದ್ರೆ ಮೊದಲ ಅಂಕ ಹೋಯ್ತು, ಉಳಿದ ನಾಲ್ಕೂ ಬಂತು. 1/R ಸೂತ್ರ ಸರಿ ಬರೆದಿದ್ದಾಳೆ ಅಂತ ಮೊದಲ ಹೆಜ್ಜೆಗೆ ಅರ್ಧ ಕೊಡೋ ಮೌಲ್ಯಮಾಪಕರೂ ಇರ್ತಾರೆ, ಅದು ಅವರವರ ಸ್ಕೀಮ್ ಮೇಲೆ. ಐದಕ್ಕೆ ನಾಲ್ಕು. ಐದಕ್ಕೆ ಸೊನ್ನೆ ಅಲ್ಲ.

ಮಾರನೇ ದಿನ ಪತ್ರಿಕೆ ಹಿಡ್ಕೊಂಡು ಅವರ ಉಪನ್ಯಾಸಕರನ್ನ ಕಾಣೋಕೆ ಹೋದೆ. ಅವರ ಹೆಸರು, ಕಾಲೇಜಿನ ಹೆಸರು ಬೇಡ. ಒಳ್ಳೆ ಮನುಷ್ಯ, ಜಗಳಕ್ಕೆ ಹೋದೋನಲ್ಲ ನಾನೂ. ಮೇಜಿನ ಮೇಲೆ ಇನ್ನೂ ಎರಡು ಕಟ್ಟು ಪತ್ರಿಕೆ ಕಾಯ್ತಾ ಇತ್ತು.

"ಒಂದು ಉತ್ತರಾನೂ ಮ್ಯಾಚ್ ಆಗಿಲ್ವಲ್ಲ ಸರ್, ಎಲ್ಲಿಂದ ಕೊಡ್ಲಿ?" ಅಂದ್ರು.

"ಸರ್, ಎರಡನೇ ಸಾಲಿನಿಂದ 0.5 ಸರಿ ಅಂತ ಇಟ್ಕೊಂಡು ನೀವೇ ಒಂದ್ಸಲ ಮಾಡಿ ನೋಡಿ" ಅಂತ ಕ್ಯಾಲ್ಕುಲೇಟರ್ ಮುಂದಿಟ್ಟೆ.

ಮಾಡಿದ್ರು. 4.5 ಬಂತು. 2.67 ಬಂತು. 9.33 ಬಂತು. ಕೊನೇದು ಬರೋ ಅಷ್ಟರಲ್ಲಿ ಅವರಿಗೇ ನಗು ಬಂತು. ಆಮೇಲೆ ಒಂದು ನ್ಯಾಯವಾದ ಮಾತು ಹೇಳಿದ್ರು, ಅದನ್ನೂ ಇಲ್ಲಿ ಬರೀಬೇಕು: "ಸರ್, ಒಂದೊಂದು ಪತ್ರಿಕೆಗೂ ಹೊಸದಾಗಿ ಲೆಕ್ಕ ಮಾಡ್ತಾ ಕೂತ್ರೆ ಈ ಕಟ್ಟು ಯಾವಾಗ ಮುಗಿಸ್ಲಿ?"

ನಿಜ. ಕೀ ಜೊತೆ ತಾಳೆ ನೋಡಿ ಟಿಕ್ ಹಾಕೋದು ಸಲೀಸು. ಇಸಿಎಫ್ ಹಾಕ್ಬೇಕಂದ್ರೆ ತಪ್ಪು ಶುರುವಾದ ಸಾಲು ಹುಡುಕಬೇಕು, ಆ ಬೆಲೆ ಹಿಡ್ಕೊಂಡು ಮುಂದಿನ ಹೆಜ್ಜೆ ತಾನೂ ನಡೀಬೇಕು. ಆದ್ರೆ ಒಂದು ಉಪಾಯ ಇದೆ, ಅನುಭವಸ್ಥರು ಮಾಡೋದೇ ಇದು. ಒಂದು ಲೆಕ್ಕದಲ್ಲಿ ಮಕ್ಕಳು ಮಾಡೋ ತಪ್ಪು ನೂರು ಥರ ಇರಲ್ಲ, ಎರಡೋ ಮೂರೋ ಇರುತ್ತೆ. ಮೊದಲ ಹತ್ತು ಪತ್ರಿಕೆ ನೋಡೋ ಅಷ್ಟರಲ್ಲಿ ಅವು ಸಿಕ್ಕಿರುತ್ತೆ. ಆ ತಪ್ಪುಗಳ ಹಾದಿಯ ಉತ್ತರಗಳನ್ನ ಒಂದು ಚೀಟೀಲಿ ಬರೆದಿಟ್ಕೊಂಡ್ರೆ ಸಾಕು. 0.5 ಕಂಡ ತಕ್ಷಣ 4.5, 2.67, 9.33, 0.22 ಇದೆಯಾ ಅಂತ ಕಣ್ಣಾಡಿಸೋದು. ಆಗ ಕ್ಯಾಲ್ಕುಲೇಟರ್ ಬೇಕಾಗೋದು ವಿಚಿತ್ರ ತಪ್ಪು ಮಾಡಿದ ಒಬ್ಬಿಬ್ಬರಿಗೆ ಮಾತ್ರ. ಇದನ್ನ ಅವರಿಗೆ ಹೇಳ್ದೆ. ಅಂಕ ತಿದ್ದಿದ್ರು, ಸಹಿ ಹಾಕಿದ್ರು.

ವಿಷಯ ಕಾಲೋನೀಲಿ ಹಬ್ಬಿತು. ಸಂಜೆ ಇನ್ನೊಬ್ಬ ಹುಡುಗ ಬಂದ, "ಅಣ್ಣ, ನಂಗೂ ನಾಲ್ಕು ಕೊಡ್ಸಿ" ಅಂತ. ಅವನು ಮಾಡಿದ್ದು ಬೇರೆ. ಸಮಾಂತರದಲ್ಲಿರೋ 6 ಮತ್ತು 3ನ್ನ ನೇರ ಕೂಡಿ 9 ಅಂತ ಮಾಡಿದ್ದ. ಒಟ್ಟು 13, ಕರೆಂಟ್ 12/13 = 0.92 ಆಂಪಿಯರ್, ಟರ್ಮಿನಲ್ ವೋಲ್ಟೇಜ್ 11.08. ಕೊನೇಗೆ 6 ಓಮ್‌ನಲ್ಲೂ ಅದೇ 0.92 ಅಂತ ಬರೆದಿದ್ದ. ಇಲ್ಲಿ ನಾನು ಮೂರು ಅಂತ ಹೇಳ್ದೆ, ನಾಲ್ಕಲ್ಲ.

ಯಾಕೆ? ಒಟ್ಟು ರೋಧ, ಕರೆಂಟ್, ಟರ್ಮಿನಲ್ ವೋಲ್ಟೇಜ್ ಈ ಮೂರರಲ್ಲಿ ಅವನ ವಿಧಾನ ಸರಿ, ಹಿಂದಿನ ತಪ್ಪು ಹೊತ್ಕೊಂಡು ಬಂದಿದೆ ಅಷ್ಟೇ. ಮೂರಕ್ಕೂ ಅಂಕ. ಆದ್ರೆ ಕೊನೇ ಪ್ರಶ್ನೆ ಕೇಳಿದ್ದೇ ಕರೆಂಟ್ ಎರಡು ಕವಲಲ್ಲಿ ಹೇಗೆ ಹಂಚಿಕೆ ಆಗುತ್ತೆ ಅಂತ. ಅವನ ತಪ್ಪು ಆ ಕವಲನ್ನೇ ಅಳಿಸಿಹಾಕಿದೆ. ಕವಲೇ ಇಲ್ಲದ ಮೇಲೆ ಹಂಚೋ ಕೆಲಸ ಅವನು ಮಾಡಲೇ ಇಲ್ಲ. ಇಸಿಎಫ್‌ಗೆ ಇರೋ ಗಡಿ ಇದು: ತಪ್ಪು ಬೆಲೆ ಮುಂದಕ್ಕೆ ಹೋದ್ರೆ ಅಂಕ ಇದೆ, ತಪ್ಪಿನಿಂದ ಪ್ರಶ್ನೆಯೇ ಸುಲಭ ಆಗಿ ಕೆಲಸ ಉಳಿದುಹೋದ್ರೆ ಆ ಕೆಲಸದ ಅಂಕ ಇಲ್ಲ. ಹುಡುಗಿ 0.5 ಅಂತ ಬರೆದ್ರೂ ಅವಳ ಸರ್ಕ್ಯೂಟಲ್ಲಿ ಎರಡು ಕವಲು ಹಾಗೇ ಇದ್ವು, ಅವಳು ಅಷ್ಟೇ ಕಷ್ಟ ಪಟ್ಟಿದ್ದಾಳೆ. ಹುಡುಗ ಮುಖ ಊದಿಸ್ಕೊಂಡ. ಆದ್ರೂ ಸೊನ್ನೆಯಿಂದ ಮೂರು ಬಂತಲ್ಲ, ಸಂಜೆ ಟೀಗೆ ಕೂತ.

ಇನ್ನೊಂದು ಗಡಿ: ಮಧ್ಯೆ ಹೊಸ ತಪ್ಪು ಮಾಡಿದ್ರೆ ಅದಕ್ಕೆ ಅದರದೇ ದಂಡ. ಇಸಿಎಫ್ ಹಳೇ ತಪ್ಪಿನ ಸಾಲ ಮನ್ನಾ ಮಾಡುತ್ತೆ, ಹೊಸ ಸಾಲ ಅಲ್ಲ. ಹಾಗೇ, ಒಂದು ಸಾಲಲ್ಲಿ 0.5 ಇಟ್ಕೊಂಡು ಮುಂದಿನ ಸಾಲಲ್ಲಿ ಹೇಳದೇ ಕೇಳದೇ 2 ಅಂತ ಬರೆದ್ರೆ, ಅದು ಪಕ್ಕದವರ ಪತ್ರಿಕೆಯಿಂದ ಬಂದ 2 ಇರಬಹುದು ಅಂತ ಯಾರಿಗಾದ್ರೂ ಅನುಮಾನ ಬರುತ್ತೆ. ತಿದ್ದಿದ್ರೆ ಹಳೇದನ್ನ ಒಂದು ಗೆರೆ ಎಳೆದು ಹೊಡೆದು ತಿದ್ದಿ ಅಂತ ಮಕ್ಕಳಿಗೆ ಹೇಳಿ.

ಆ ಉಪನ್ಯಾಸಕರು ಹೋಗೋ ಮುಂಚೆ ಇನ್ನೊಂದು ಮಾತು ಅಂದಿದ್ರು: "ಅವಳು ಒಂದ್ಸಲ ಚೆಕ್ ಮಾಡಿದ್ರೆ ತಪ್ಪು ಅವಳಿಗೇ ಸಿಕ್ತಿತ್ತು." ಇದು ನನ್ನ ತಲೇಲಿ ಕೂತ್ಕೊಂತು. ಯಾಕಂದ್ರೆ ನಾವು ಹೇಳ್ಕೊಡೋ ಚೆಕ್‌ಗಳಲ್ಲಿ ಕೆಲವು ಈ ತಪ್ಪನ್ನ ಹಿಡಿಯೋದೇ ಇಲ್ಲ. ನೋಡಿ. 'ಸಮಾಂತರದ ಉತ್ತರ ಅತಿ ಚಿಕ್ಕ ರೋಧಕ್ಕಿಂತ ಕಮ್ಮಿ ಇರ್ಬೇಕು' ಅಂತ ಎಲ್ಲಾ ಮೇಷ್ಟ್ರೂ ಹೇಳ್ತಾರೆ. 0.5 ಮೂರಕ್ಕಿಂತ ಕಮ್ಮಿನೇ ಇದೆ, ಪಾಸ್! 9 ಅಂತ ಬರೆದ ಹುಡುಗನ್ನ ಈ ಚೆಕ್ ಹಿಡಿಯುತ್ತೆ, ಹುಡುಗೀನ ಹಿಡಿಯಲ್ಲ. ಇಡೀ ಸುತ್ತಿನ ವೋಲ್ಟೇಜ್ ಕೂಡಿ ನೋಡಿ: 2.67 × 4.5 = 12. ಅದೂ ಪಾಸ್. ತಪ್ಪು ಬೆಲೆ ಹಾಕೇ ಕರೆಂಟ್ ತೆಗೆದಿರೋದ್ರಿಂದ ಅದು 12 ಆಗಲೇಬೇಕು, ತನ್ನ ಸಾಕ್ಷಿ ತಾನೇ ಹೇಳ್ದಂಗೆ.

ಹಿಡಿಯೋ ಚೆಕ್ ಎರಡಿವೆ. ಮೊದಲನೇದು: ಎರಡು ರೋಧಕ ಸಮಾಂತರದಲ್ಲಿದ್ರೆ ಉತ್ತರ ಚಿಕ್ಕದಕ್ಕಿಂತ ಕಮ್ಮಿ ಇರ್ಬೇಕು, ಜೊತೆಗೆ ಚಿಕ್ಕದರ ಅರ್ಧಕ್ಕಿಂತ ಕೆಳಗೂ ಇಳೀಬಾರದು. 3 ಓಮ್‌ನ ಜೊತೆ ಇನ್ನೊಂದು 3 ಓಮ್ ಇದ್ದಿದ್ರೆ 1.5 ಆಗ್ತಿತ್ತು. ಇಲ್ಲಿರೋದು 6, ಅದರಲ್ಲಿ ಕರೆಂಟ್ ಇನ್ನೂ ಕಮ್ಮಿ ಹರಿಯುತ್ತೆ. ಹಾಗಾಗಿ ಉತ್ತರ 1.5ಕ್ಕೂ 3ಕ್ಕೂ ಮಧ್ಯೆ ಇರ್ಬೇಕು. 0.5 ಅಲ್ಲೇ ಸಿಕ್ಕಿಬಿತ್ತು. ಎರಡನೇದು: ಕವಲುಗಳ ಕರೆಂಟ್ ಕೂಡೋದು. 6 ಓಮ್‌ನಲ್ಲಿ 0.22, ಪಕ್ಕದ 3 ಓಮ್‌ನಲ್ಲಿ 1.33/3 = 0.44. ಕೂಡಿದ್ರೆ 0.66. ಆದ್ರೆ ಬ್ಯಾಟರಿಯಿಂದ ಬಂದಿದ್ದು 2.67! ಉಳಿದ ಎರಡು ಆಂಪಿಯರ್ ಎಲ್ಲಿಗೆ ಹೋಯ್ತು? ಒಳಗೆ ಬಂದಷ್ಟೇ ಹೊರಗೆ ಹೋಗ್ಬೇಕು ಅಂತ ಕಿರ್ಚಾಫನ ಮೊದಲ ನಿಯಮ ಹೇಳುತ್ತೆ. ಪ್ರಶ್ನೆಯಲ್ಲಿ ಒಂದೇ ಕವಲಿನ ಕರೆಂಟ್ ಕೇಳಿದ್ರೂ ಎರಡನೇದನ್ನ ರಫ್ ಕಾಲಮ್ಮಲ್ಲಿ ತೆಗೆದು ಕೂಡಿ ನೋಡಿ ಅಂತ ಈಗ ನಮ್ಮ ಕ್ಲಾಸಲ್ಲಿ ಕಡ್ಡಾಯ ಮಾಡಿದೀವಿ. ಅರ್ಧ ನಿಮಿಷದ ಕೆಲಸ.

ಇನ್ನು ನಮ್ಮೋರ ವಿಷಯಕ್ಕೆ ಬರ್ತೀನಿ. ಮೊದಲ ತಪ್ಪು ಎಲ್ಲಿ ಬೀಳುತ್ತೆ? ಬಹುಪಾಲು ಮೊದಲ ಸಾಲಲ್ಲೇ. ಪ್ರಶ್ನೆ ಓದೋ ಜಾಗದಲ್ಲಿ, ಚಿತ್ರ ಅರ್ಥ ಮಾಡ್ಕೊಳ್ಳೋ ಜಾಗದಲ್ಲಿ. ಹತ್ತನೇ ಕ್ಲಾಸಲ್ಲಿ 'ಸಮಾಂತರ ಜೋಡಣೆ', 'ವಿಭವಾಂತರ' ಅಂತ ಓದಿದ ಮಗುವಿಗೆ ಪಿಯುಸೀಲಿ ಸೈನ್ಸ್ ಪಾಠ ಬಹುಪಾಲು ಇಂಗ್ಲಿಷಲ್ಲೇ ಬರುತ್ತೆ. 'ಅಕ್ರಾಸ್' ಅಂದ್ರೆ ವೋಲ್ಟೇಜು, 'ಥ್ರೂ' ಅಂದ್ರೆ ಕರೆಂಟು ಅಂತ ಯಾರೂ ಬಿಡಿಸಿ ಹೇಳಿರಲ್ಲ. ಮನೇಲಿ ಕೇಳೋಕೆ ಓದಿದೋರು ಇಲ್ಲ, ಟ್ಯೂಷನ್‌ಗೆ ದುಡ್ಡಿಲ್ಲ. ಹಾಗಾಗಿ ಅನನುಕೂಲ ಅನ್ನೋದು ಬಾಗಿಲಲ್ಲೇ ನಿಂತು ಕಾಲೆಳೆಯುತ್ತೆ. ಒಳಗೆ ಹೋದ ಮೇಲೆ ಓಮನ ನಿಯಮ ಎಲ್ರಿಗೂ ಒಂದೇ. ಬಾಗಿಲಲ್ಲಿ ಎಡವಿದ್ದಕ್ಕೆ ಒಳಗಿನ ಪ್ರತಿ ಕೋಣೆಯಲ್ಲೂ ದಂಡ ಹಾಕಿದ್ರೆ ಯಾರ ಅಂಕ ಹೆಚ್ಚು ಹೋಗುತ್ತೆ ನೀವೇ ಹೇಳಿ. ಆಮೇಲೆ ಅದೇ ಅಂಕಪಟ್ಟಿ ತೋರ್ಸಿ 'ಮೆರಿಟ್' ಬಗ್ಗೆ ನಮಗೆ ಪಾಠ ಮಾಡ್ತಾರೆ. ನಾವಿಲ್ಲಿ ಯಾರನ್ನೂ ರಿಯಾಯ್ತಿ ಕೇಳ್ತಿಲ್ಲ. ಇಸಿಎಫ್ ಗ್ರೇಸ್ ಮಾರ್ಕ್ಸ್ ಅಲ್ಲ. ಅವಳು ಮಾಡಿ ತೋರಿಸಿದ ಕೆಲಸದ ಕೂಲಿ ಅದು.

ಪ್ರಶ್ನೆ ತೆಗೆಯೋರ ಕೈಯಲ್ಲೂ ಒಂದು ದಾರಿ ಇದೆ. ಇದೇ ಲೆಕ್ಕವನ್ನ 'ಒಟ್ಟು ರೋಧ 6 ಓಮ್ ಎಂದು ತೋರಿಸಿ, ನಂತರ ಕರೆಂಟ್ ಕಂಡುಹಿಡಿಯಿರಿ' ಅಂತ ಕೇಳಬಹುದು. ಆಗ ತೋರಿಸೋಕೆ ಆಗದೇ ಇದ್ರೂ ಮಗು 6 ಇಟ್ಕೊಂಡು ಮುಂದಕ್ಕೆ ನಡೆಯುತ್ತೆ, ಮೌಲ್ಯಮಾಪಕರಿಗೂ ಕೀ ಉತ್ತರವೇ ಸಿಗುತ್ತೆ, ಹೊಸದಾಗಿ ಲೆಕ್ಕ ಮಾಡೋ ತಲೆನೋವಿಲ್ಲ. ತಪ್ಪು ಬಂದವರಿಗೆ ಅಲ್ಲೇ ತಿದ್ದಿಕೊಳ್ಳೋ ಅವಕಾಶಾನೂ ಸಿಗುತ್ತೆ. ಉಪನ್ಯಾಸಕರಾಗಿರೋ ಗೆಳೆಯರು ಯಾರಾದ್ರೂ ಇದನ್ನ ಓದ್ತಿದ್ರೆ ನಿಮ್ಮ ಟೆಸ್ಟಲ್ಲಿ ಒಂದ್ಸಲ ಪ್ರಯತ್ನ ಮಾಡಿ.

ಆದ್ರೆ ಸಿಇಟಿ, ನೀಟ್ ಬಂದಾಗ ಇದ್ಯಾವ್ದೂ ನಡೆಯಲ್ಲ. ಅಲ್ಲಿ ನಾಲ್ಕು ಆಯ್ಕೆ, ಹೆಜ್ಜೆ ನೋಡೋರು ಯಾರೂ ಇಲ್ಲ. ಇಷ್ಟೂ ಸಾಲದು ಅಂತ, ಮಕ್ಕಳು ಮಾಡೋ ಮಾಮೂಲಿ ತಪ್ಪಿನ ಉತ್ತರಗಳನ್ನೇ ಆಯ್ಕೆಯಲ್ಲಿ ಇಡೋದು ಪ್ರಶ್ನೆ ತೆಗೆಯೋರ ಕ್ರಮ. 2 ಆಂಪಿಯರ್ ಪಕ್ಕದಲ್ಲೇ 2.67 ಕೂತಿರುತ್ತೆ, 0.92 ಕೂಡ. ತನ್ನ ಉತ್ತರ ಆಯ್ಕೇಲಿ ಇದೆ ಅಂತ ಮಗು ಖುಷಿಯಾಗಿ ಗುರುತು ಹಾಕುತ್ತೆ. ಸಿಇಟೀಲಿ ತಪ್ಪಿಗೆ ಅಂಕ ಕಳೆಯಲ್ಲ, ಇರೋ ಒಂದು ಹೋಗುತ್ತೆ ಅಷ್ಟೇ. ನೀಟಲ್ಲಿ ನಾಲ್ಕು ಹೋಗೋದರ ಮೇಲೆ ಇನ್ನೊಂದು ಕಳೀತಾರೆ. ಅದಕ್ಕೇ ಮೇಲೆ ಹೇಳಿದ ಎರಡು ಚೆಕ್ ಬರೀ ಬೋರ್ಡ್ ಪರೀಕ್ಷೆಗಲ್ಲ, ಅಲ್ಲಿ ಇನ್ನೂ ಜಾಸ್ತಿ ಬೇಕು.

ಬೋರ್ಡ್ ಪರೀಕ್ಷೆ ಫಲಿತಾಂಶ ಬಂದ ಮೇಲೆ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸ್ಕೊಳ್ಳೋಕೆ, ಆಮೇಲೆ ಮರುಮೌಲ್ಯಮಾಪನಕ್ಕೆ ಅವಕಾಶ ಇದೆ. ಎರಡಕ್ಕೂ ಶುಲ್ಕ ಇದೆ, ಕೊನೇ ದಿನಾಂಕ ಬೇಗ ಬರುತ್ತೆ. ದುಡ್ಡು ಕಟ್ಟೋ ಮುಂಚೆ ಸ್ಕ್ಯಾನ್ ಪ್ರತಿ ಮುಂದಿಟ್ಕೊಂಡು ಹೀಗೆ ನೋಡಿ: ಲೆಕ್ಕದಲ್ಲಿ ಮೊದಲು ತಪ್ಪಿದ ಸಾಲು ಯಾವ್ದು, ಅದಕ್ಕೆ ಪೆನ್ಸಿಲಲ್ಲಿ ಗುರುತು ಹಾಕಿ. ಆ ತಪ್ಪು ಬೆಲೆ ಇಟ್ಕೊಂಡು ಮುಂದಿನ ಪ್ರತಿ ಸಾಲನ್ನ ನೀವೇ ಮಾಡಿ. ಮಗುವಿನ ಉತ್ತರದ ಜೊತೆ ಹೊಂದಿದ್ರೆ, ಆ ಸಾಲಿಗೆ ಅಂಕ ಬಿದ್ದಿದೆಯಾ ನೋಡಿ. ಕೊನೇ ಅಂಕಿಯಲ್ಲಿ ಸಣ್ಣ ವ್ಯತ್ಯಾಸ ಇದ್ರೆ ತಲೆ ಕೆಡಿಸ್ಕೋಬೇಡಿ, 1.33 ಅಂತ ಹಿಡಿದ್ರೂ 1.335 ಅಂತ ಹಿಡಿದ್ರೂ ಅದು ದಶಮಾಂಶ ಬಿಟ್ಟಿದ್ದರಿಂದ ಬರೋದು. ಎರಡು ಮೂರು ಲೆಕ್ಕದಲ್ಲಿ ಹೀಗೆ ಹೆಜ್ಜೆ ಅಂಕ ಬಿಟ್ಟಿದ್ರೆ ಮಾತ್ರ ಅರ್ಜಿ ಹಾಕೋದು ಲಾಭ.

ನಿಮಗೇ ನೋಡೋಕೆ ಬರಲ್ಲ ಅಂದ್ರೆ ಭಾನುವಾರ ಬೆಳಿಗ್ಗೆ ಪತ್ರಿಕೆ ತಗೊಂಡು ಕಾಲೋನಿಗೆ ಬನ್ನಿ. ಕ್ಯಾತ್ಸಂದ್ರ ಸ್ಟೇಷನ್ನಲ್ಲಿ ಇಳಿದು ಇನ್‌ಬಾಕ್ಸ್ ಮಾಡಿದ್ರೆ ಯಾರಾದ್ರೂ ಹುಡುಗ್ರು ಬಂದು ಕರ್ಕೊಂಡು ಬರ್ತಾರೆ. ಪತ್ರಿಕೆ ಜೊತೆ ಪ್ರಶ್ನೆಪತ್ರಿಕೇನೂ ತನ್ನಿ, ಹೋದ ವಾರ ಮೂರು ಜನ ಅದನ್ನೇ ಮರೆತು ಬಂದಿದ್ರು. ಆ ಹುಡುಗಿ ಈಗ ಸರ್ಕ್ಯೂಟ್ ಚಾಪ್ಟರ್ ಬಿಟ್ಟಿಲ್ಲ. ಭಾನುವಾರ ಚಿಕ್ಕೋರಿಗೆ ಪ್ಯಾರಲಲ್ ಲೆಕ್ಕ ಹೇಳ್ಕೊಡೋ ಕೆಲಸ ಅವಳದೇ.